ಗಂಟು ಬಿಚ್ಚುವ ಮೊದಲು

ನಮ್ಮ ವಾಲಿಬಾಲ್ ತಂಡದಲ್ಲಿ ಏಳು ಜನ ಹೆಂಗಸರು. ಏಳೂ ಜನ ಆಸ್ಪತ್ರೆಯ ಲಾಂಡ್ರಿಯವರು. ಬದಲಿ ಆಟಗಾರ್ತಿ ಅಂತ ಒಬ್ಬಳೂ ಇಲ್ಲ, ಹಾಗಾಗಿ ಯಾರೂ ಕಾಲು ಉಳುಕಿಸಿಕೊಳ್ಳುವ ಹಾಗಿಲ್ಲ. ನಾನು ಹರಿದ ಚಾದರ ಹೊಲಿಯುವವಳು, ಅದಕ್ಕೇ ಎಲ್ಲರೂ ನನ್ನನ್ನು ಹೊಲಿಗೆ ಅನ್ನುತ್ತಾರೆ. ಅಂಗಳದಲ್ಲಿ ಒಂದು ಸಲಕ್ಕೆ ಆರೇ ಜನ; ಹಿಂದಿನ ಸಾಲಿಗೆ ಬಂದವಳ ಜಾಗದಲ್ಲಿ ನಿಂತು ಬೀಳುವ ಚೆಂಡು ಎತ್ತುವುದು ನನ್ನ ಕೆಲಸ. ಆ ಕೆಲಸದವಳ ಅಂಗಿ ಬೇರೆ ಬಣ್ಣದ್ದಿರಬೇಕು, ಹಾಗಾಗಿ ಆರು ಜನರದ್ದು ನೀಲಿ ಅಂಗಿಯಾದರೆ ನನ್ನೊಬ್ಬಳದು ಹಳದಿ. ನೆಲಕ್ಕೆ ಬೀಳುವುದರಲ್ಲಿ ನನ್ನ ಮೊಣಕೈ ಚರ್ಮ ಎಷ್ಟು ಸಲ ಹೋಗಿದೆಯೋ ಲೆಕ್ಕ ಇಟ್ಟಿಲ್ಲ. ಇಷ್ಟೆಲ್ಲ ಬಿದ್ದ ಮೇಲೆ ಒಂದು ಸಲವಾದರೂ ಪಂದ್ಯಾವಳಿ ಗೆಲ್ಲಬೇಕು ಅನ್ನಿಸುವುದು ತಪ್ಪಲ್ಲ.

ತಂಡದ ನಾಯಕಿ ಅಕ್ಕ. ಇಸ್ತ್ರಿ ಯಂತ್ರದ ಮೇಲ್ವಿಚಾರಕಿ, ನಮ್ಮ ರಜೆಗೆ ಸಹಿ ಹಾಕುವವಳೂ ಅವಳೇ. ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ, ನಮ್ಮ ವ್ಯಾನ್ ಡ್ರೈವರಮ್ಮನನ್ನೂ ಸೇರಿಸಿ. ಆದರೆ ನಿಜವಾಗಿ ಅಕ್ಕ ಆಗಬೇಕಾದ್ದು ಒಬ್ಬಳಿಗೆ, ಪುಟ್ಟಿಗೆ. ಪುಟ್ಟಿ ನಮ್ಮ ಹೊಡೆತಗಾರ್ತಿ. ಅಕ್ಕ ಚೆಂಡನ್ನು ಬಲೆಯ ಪಕ್ಕ ಮೇಲೆತ್ತಿ ಕೊಡುತ್ತಾಳೆ, ಪುಟ್ಟಿ ಹಾರಿ ಹೊಡೆಯುತ್ತಾಳೆ. ತಾಯಿ ಇಲ್ಲದ ಮನೆಯಲ್ಲಿ ಪುಟ್ಟಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳೂ ಅಕ್ಕನೇ, ಹಾರಿ ಹೊಡೆಯುವುದನ್ನು ಕಲಿಸಿದವಳೂ ಅಕ್ಕನೇ.

ಈ ಇಬ್ಬರು ಮಾತು ಬಿಟ್ಟು ಎಂಟು ತಿಂಗಳಾಗಿತ್ತು.

ಕಾರಣ ಹೇಳಿದರೆ ನೀವು ನಗುತ್ತೀರಿ. ಪುಟ್ಟಿ ಒಬ್ಬನನ್ನು ಮೆಚ್ಚಿಕೊಂಡು ಮನೆಗೆ ಕರೆತಂದಳು. ಲಿಫ್ಟ್ ರಿಪೇರಿ ಮಾಡುವವನು, ಒಳ್ಳೆಯ ಹುಡುಗ. ಅವನು ಕಾಫಿ ಕುಡಿದು ಎದ್ದು ಹೋದ ಮೇಲೆ ಅಕ್ಕ ಲೋಟ ತೊಳೆಯುತ್ತಾ, "ಕುತ್ತಿಗೆ ಸ್ವಲ್ಪ ಉದ್ದ," ಅಂದಳು. ಅಷ್ಟೇ. ಪುಟ್ಟಿ ಅದೇ ಸಂಜೆ ಬ್ಯಾಗಿಗೆ ನಾಲ್ಕು ಬಟ್ಟೆ ತುರುಕಿಕೊಂಡು ನನ್ನ ಮನೆಗೆ ಬಂದಳು. ಅಲ್ಲಿಂದ ಇಲ್ಲಿಯವರೆಗೆ ನನ್ನ ಮನೆಯಲ್ಲೇ ಇದ್ದಳು.

ಕೆಲಸದಲ್ಲೂ ಅವರಿಗೆ ಮಾತಾಡುವ ಅಗತ್ಯ ಬರುತ್ತಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಗೆ ನಡುವೆ ಒಂದು ಗೋಡೆ ಇರುತ್ತದೆ. ಒಗೆಯುವ ಯಂತ್ರಗಳು ಆ ಗೋಡೆಯಲ್ಲೇ ಕೂತಿರುತ್ತವೆ, ಎರಡು ಕಡೆಗೂ ಒಂದೊಂದು ಬಾಗಿಲು. ಕೊಳೆ ಬಟ್ಟೆ ಆ ಕಡೆಯಿಂದ ಹಾಕಬೇಕು, ತೊಳೆದದ್ದು ಈ ಕಡೆಯಿಂದ ತೆಗೆಯಬೇಕು. ಸೋಂಕು ದಾಟಬಾರದು ಅಂತ ಒಂದು ಕಡೆಯವರು ಇನ್ನೊಂದು ಕಡೆಗೆ ಹೋಗುವಂತಿಲ್ಲ. ಪುಟ್ಟಿ ಆ ಕಡೆ, ಅಕ್ಕ ಈ ಕಡೆ. ತಂಗಿ ಹಾಕಿದ್ದನ್ನು ಅಕ್ಕ ತೆಗೆಯುತ್ತಿದ್ದಳು, ಇಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅಂಗಳದಲ್ಲೂ ಹಾಗೇ. ಚೆಂಡು ಎಲ್ಲಿಗೆ ಎತ್ತುತ್ತೇನೆ ಅಂತ ಅಕ್ಕ ಬೆನ್ನ ಹಿಂದೆ ಬೆರಳು ತೋರಿಸುತ್ತಾಳೆ: ಒಂದು ಬೆರಳಾದರೆ ಹತ್ತಿರಕ್ಕೆ ಬೇಗ, ಎರಡಾದರೆ ಅಂಚಿಗೆ ಎತ್ತರ. ಪುಟ್ಟಿ ನೋಡಿ ಹಾರುತ್ತಾಳೆ. ಒಂದು ಅಂಕ ಮುಗಿದಾಗಲೆಲ್ಲ ಆರೂ ಜನ ನಡುವೆ ಸೇರಿ ಅಂಗೈ ತಟ್ಟಿಕೊಳ್ಳುವುದು ವಾಡಿಕೆ. ಇವರಿಬ್ಬರು ಒಬ್ಬರನ್ನೊಬ್ಬರು ನೋಡದೆ, ಬಿಸಿ ತವಾ ಮುಟ್ಟಿದ ಹಾಗೆ ಬೆರಳ ತುದಿ ತಾಗಿಸಿ ತಿರುಗುತ್ತಿದ್ದರು. ಆದರೂ ಅಕ್ಕ ಎತ್ತಿಕೊಟ್ಟ ಚೆಂಡು ಪುಟ್ಟಿಯ ಕೈಗೆ ಸರಿಯಾಗಿ ಹೋಗಿ ಕೂರುತ್ತಿತ್ತು. ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇಷ್ಟು ಅರ್ಥ ಮಾಡಿಕೊಂಡವರಿಗೆ ಬಾಯಿ ಬಿಡಲು ಏನು ದಾಡಿ?

ಅವರು ಮಾತಾಡುತ್ತಿದ್ದದ್ದು ಒಂದೇ ಕಡೆ, ಗಂಟಿನೊಳಗೆ.

ಆಟಕ್ಕೆ ಮುಂಚೆ ನಾವು ಗಂಟು ಕಟ್ಟುತ್ತೇವೆ. ಬೇರೆ ತಂಡದವರೂ ಸುತ್ತ ನಿಂತು ಹೆಗಲ ಮೇಲೆ ಕೈ ಹಾಕಿ, ಏನೋ ಕೂಗಿ ಚದುರುತ್ತಾರೆ. ಅದು ಗಂಟಲ್ಲ, ಬಸ್ಸಿಗೆ ಕಾಯುವ ಗುಂಪು. ನಮ್ಮದಕ್ಕೆ ಕ್ರಮ ಇದೆ. ಎಡಗಾಲು ಮುಂದೆ, ಎಡಗೈ ಪಕ್ಕದವಳ ಹೆಗಲ ಮೇಲೆ, ತಲೆ ತಲೆಗೆ ತಾಗಬೇಕು. ಬಲಗೈ ನಡುವೆ. ಎಲ್ಲಕ್ಕಿಂತ ಕೆಳಗೆ ಅಕ್ಕನ ಕೈ, ಅದರ ಮೇಲೆ ಡ್ರೈವರಮ್ಮನದು, ಆಮೇಲೆ ಉಗ್ರಾಣದವಳದು, ಆಮೇಲೆ ಮಡಿಸುವ ಮೇಜಿನ ಅತ್ತಿಗೆ ನಾದಿನಿಯರದು, ಆಮೇಲೆ ನನ್ನದು, ಎಲ್ಲಕ್ಕಿಂತ ಮೇಲೆ ಚಿಕ್ಕವಳಾದ ಪುಟ್ಟಿಯದು. ಅಕ್ಕ ಮೊದಲು ಎದುರಾಳಿಗಳ ಬಗ್ಗೆ ಎರಡು ಮಾತು ಹೇಳುತ್ತಾಳೆ. ಆಮೇಲೆ ಎಡದಿಂದ ಒಬ್ಬೊಬ್ಬರನ್ನೇ, "ಜೇಬು?" ಅಂತ ಕೇಳುತ್ತಾಳೆ. ಅವರು "ಖಾಲಿ" ಅನ್ನಬೇಕು. ಎಲ್ಲರದೂ ಖಾಲಿ ಆದ ಮೇಲೆ ಅಕ್ಕ "ಒಗಿ" ಅಂತ ಕೂಗುತ್ತಾಳೆ, ನಾವು "ಹಿಂಡು" ಅನ್ನುತ್ತೇವೆ. ಅವಳು "ಒಣಗಿಸು", ನಾವು "ಮಡಿಸು". ಕೊನೆಗೆ ಎಲ್ಲರೂ ಒಟ್ಟಿಗೆ "ಕಳಿಸು" ಅಂತ ಕೂಗಿ ಕೈ ಮೇಲಕ್ಕೆ ಹಾರಿಸಿದರೆ ಗಂಟು ಬಿಚ್ಚಿದ ಹಾಗೆ.

ಜೇಬಿನ ಪ್ರಶ್ನೆ ಬಂದದ್ದು ಲಾಂಡ್ರಿಯಿಂದಲೇ. ಒಮ್ಮೆ ಒಬ್ಬ ಡಾಕ್ಟರ ಕೋಟಿನ ಜೇಬಿನಲ್ಲಿ ಉಳಿದ ಕತ್ತರಿ ಯಂತ್ರದ ಹೊಟ್ಟೆಯನ್ನೇ ಹರಿದುಹಾಕಿತ್ತು. ಅಂದಿನಿಂದ ಜೇಬು ನೋಡದೆ ಒಂದು ಬಟ್ಟೆಯೂ ಒಳಗೆ ಹೋಗುವುದಿಲ್ಲ, ಒಂದರಲ್ಲಿ ಏನಾದರೂ ಸಿಕ್ಕರೆ ಯಂತ್ರ ಶುರು ಮಾಡುವುದಿಲ್ಲ. ಮುಂದೊಮ್ಮೆ ಅತ್ತಿಗೆ ನಾದಿನಿಯರು ಮನೆಯ ಮುನಿಸನ್ನು ಅಂಗಳಕ್ಕೆ ತಂದು, "ನಿನ್ನ ಚೆಂಡು ನೀನೇ ತಗೋ" ಅಂತ ಇಬ್ಬರೂ ಬಿಟ್ಟು, ಚೆಂಡು ನಡುವೆ ಬಿತ್ತು. ಆಗ ಅಕ್ಕ ಈ ಪದ್ಧತಿ ತಂದಳು: ಮನಸ್ಸಿನಲ್ಲಿ ಏನಾದರೂ ಇದ್ದರೆ ಗಂಟಿನಲ್ಲೇ ತೆಗೆದುಹಾಕಿ, ಇಲ್ಲದಿದ್ದರೆ ಆಟ ಹರಿಯುತ್ತದೆ. ಗಂಟಿನೊಳಗೆ ಜಗಳವೂ ಇಲ್ಲ, ಮೌನವೂ ಇಲ್ಲ, ನಾಯಕಿ ಕೇಳಿದರೆ ಉತ್ತರ ಕೊಡಲೇಬೇಕು.

ಅಕ್ಕ ಈ ಸೌಲಭ್ಯವನ್ನು ಎಂಟು ತಿಂಗಳಿಂದ ನಾಚಿಕೆಯಿಲ್ಲದೆ ಬಳಸಿಕೊಂಡಿದ್ದಳು. "ಅವರ ಮೂರನೇ ನಂಬರಿನವಳು ಎಡಗೈಲಿ ಹೊಡೀತಾಳೆ, ನೋಡ್ಕೊಳ್ಳಿ. ನಮ್ಮ ಹೊಡೆತಗಾರ್ತಿಗೆ ಒಂದು ಮಾತು, ಅವಳ ಸ್ವೆಟರ್ ನನ್ನ ಕಪಾಟಿನಲ್ಲಿದೆ, ಚಳಿ ಶುರುವಾಗಿದೆ." ಪುಟ್ಟಿ ನೆಲ ನೋಡುತ್ತಾ, "ನಾಯಕಿಗೆ ಗೊತ್ತಿರಲಿ, ಹೊಡೆತಗಾರ್ತಿ ಹೊಸ ಸ್ವೆಟರ್ ತಗೊಂಡಿದ್ದಾಳೆ." ಆಮೇಲೆ ಜೇಬು ಕೇಳಿದರೆ ಪುಟ್ಟಿ "ಖಾಲಿ" ಅನ್ನುತ್ತಿದ್ದಳು. ಹಸಿ ಸುಳ್ಳು ಅಂತ ಏಳೂ ಜನರಿಗೆ ಗೊತ್ತು. ನಾವೂ ಸುಮ್ಮನಿದ್ದೆವು, ಯಾಕೆಂದರೆ ಗೆಲ್ಲುತ್ತಿದ್ದೆವು. ಜೀವನದಲ್ಲಿ ಮೊದಲ ಸಲ ಊರಿನ ಕೆಲಸಗಾರರ ಪಂದ್ಯಾವಳಿಯ ಫೈನಲಿಗೆ ಬಂದಿದ್ದೆವು.

ಫೈನಲ್ ಶನಿವಾರ. ಪುಟ್ಟಿಯ ಮದುವೆ ಸೋಮವಾರ, ನೋಂದಣಿ ಕಚೇರಿಯಲ್ಲಿ. ಮದುವೆಯಾದ ಮೇಲೆ ಹುಡುಗನಿಗೆ ಹೊಸದಾಗಿ ಕೆಲಸ ಸಿಕ್ಕಿರುವ ಬೇರೆ ಊರಿಗೆ ಇಬ್ಬರೂ ಹೋಗುತ್ತಾರೆ. ಅಕ್ಕನಿಗೆ ಮದುವೆಯ ದಿನ ಗೊತ್ತು, ಎಲ್ಲರಿಗೂ ಗೊತ್ತು. ಆದರೆ ಪುಟ್ಟಿ ಕರೆದಿರಲಿಲ್ಲ. ಶುಕ್ರವಾರ ನಾನು, "ಹೋಗಿ ಒಂದು ಮಾತು ಕರಿ, ನಿನ್ನ ಗಂಟೇನು ಹೋಗತ್ತೆ?" ಅಂದೆ. ಅವಳು, "ಅವಳು ಬರಲ್ಲ ಅಂದುಬಿಟ್ರೆ? ಕರೀದೆ ಇದ್ರೆ ಕರೀಲಿಲ್ಲ ಅದಕ್ಕೆ ಬರ್ಲಿಲ್ಲ ಅಂತಾದ್ರೂ ಅಂದ್ಕೋಬಹುದು," ಅಂತ ಗೋಡೆಗೆ ತಿರುಗಿ ಅತ್ತಳು. ಶನಿವಾರದ ಗಂಟು ಅವರಿಬ್ಬರ ಕೊನೆಯ ಗಂಟು. ಆಮೇಲೆ ಅವರಿಗೆ ಮಾತಾಡಲು ಜಾಗವೇ ಇರುವುದಿಲ್ಲ.

ಇನ್ನೊಂದು ವಿಷಯ. ಪಂದ್ಯಾವಳಿಗೆ ಪರೀಕ್ಷೆ ಪಾಸು ಮಾಡಿದ ರೆಫರಿ ಅಂತ ಇದ್ದವನು ಒಬ್ಬನೇ. ಅವನೇ ಲಿಫ್ಟ್ ರಿಪೇರಿಯವನು. ಎದುರು ತಂಡ ಬ್ರೆಡ್ ಕಾರ್ಖಾನೆಯವರು. ಮದುವೆ ಗಂಡು ರೆಫರಿ ಆದರೆ ಅಭ್ಯಂತರ ಇದೆಯೇ ಅಂತ ಅವರನ್ನು ಕೇಳಿದರೆ, "ನಮಗೇನು, ಅವನು ಯಾರ ಮುಖಾನೂ ನೋಡೋನಲ್ಲ," ಅಂದರು. ಅಕ್ಕ ಪಂದ್ಯಾವಳಿಗೆ ಹೆಸರು ಬರೆದುಕೊಳ್ಳುವವರ ಹತ್ತಿರ, "ಚೆನ್ನಾಗಿ ಕಾಣತ್ತೆ ಅವರಿಗೆ, ಬಲೆ ಮೇಲಿಂದ," ಅಂದಳು. ಅದು ಪುಟ್ಟಿಯ ಕಿವಿಗೆ ಬೀಳದಿರಲಿ ಅಂತ ನಾನು ಜೋರಾಗಿ ಕೆಮ್ಮಿದೆ.

ಟಾಸ್ ಹಾಕುವಾಗ ಇಬ್ಬರು ನಾಯಕಿಯರೂ ರೆಫರಿಯ ಕೈ ಕುಲುಕಬೇಕು. ಅಕ್ಕ ಬಲೆಯ ಕಂಬವನ್ನು ನೋಡುತ್ತಾ ಕೈ ಕೊಟ್ಟಳು. ಅವನು, "ನಮಸ್ಕಾರ ಅಕ್ಕ," ಅಂದ. ಅವಳು ಕಂಬಕ್ಕೆ, "ನಮಸ್ಕಾರ," ಅಂದಳು. ಆಮೇಲೆ ಎರಡೂ ತಂಡ ಅಂಗಳದ ಹಿಂದಿನ ಗೆರೆ ಮೇಲೆ ಸಾಲಾಗಿ ನಿಂತೆವು, ಸೀಟಿ ಆಯಿತು, ಬಲೆಯ ಹತ್ತಿರ ಹೋಗಿ ಎದುರಿನವರ ಕೈ ಮುಟ್ಟಿದೆವು. ಬ್ರೆಡ್ಡಿನವರ ಕೈಗಳು ಬೆಚ್ಚಗಿದ್ದವು. ಅವರು ಅವರ ಬೆಂಚಿನ ಹತ್ತಿರ ಒಂದು ಸಲ ಕೂಗಿ ಅಂಗಳಕ್ಕೆ ಬಂದು ನಿಂತರು. ನಾವು ಗಂಟು ಕಟ್ಟಿದೆವು.

ಅಕ್ಕ ಎದುರಾಳಿಗಳ ಬಗ್ಗೆ ಹೇಳಿದಳು. ಆ ದಿನ ಮನೆಯ ವಿಷಯ ಏನನ್ನೂ ಎತ್ತಲಿಲ್ಲ. ಜೇಬು ಕೇಳಲು ಶುರು ಮಾಡಿದಳು. ಡ್ರೈವರಮ್ಮ ಖಾಲಿ. ಉಗ್ರಾಣದವಳು ಖಾಲಿ. ಅತ್ತಿಗೆ ಖಾಲಿ, ನಾದಿನಿ ಖಾಲಿ. ನಾನು ಖಾಲಿ. ಕೊನೆಗೆ ಪುಟ್ಟಿ.

"ಜೇಬು?"

"ಖಾಲಿ ಇಲ್ಲ," ಅಂದಳು.

ನಮ್ಮ ತಂಡದ ಚರಿತ್ರೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಏನು ಮಾಡಬೇಕು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅಂಗಳಕ್ಕೆ ಬನ್ನಿ ಅಂತ ರೆಫರಿಯ ಸೀಟಿ ಕೇಳಿಸಿತು.

"ಪುಟ್ಟೀ, ಆಮೇಲೆ ಹೇಳಮ್ಮ," ಅಂತ ಡ್ರೈವರಮ್ಮ ಪಿಸುಗುಟ್ಟಿದಳು.

"ಇದ್ರೆ ಯಂತ್ರ ಶುರು ಮಾಡೋ ಹಾಗಿಲ್ಲ," ಅಂದಳು ಅಕ್ಕ. "ಏನಿದೆ ಹೇಳು."

"ಕುತ್ತಿಗೆ ಇದೆ."

ಮತ್ತೆ ಸೀಟಿ. ನಾನು ಕಂಕುಳ ಸಂದಿಯಿಂದ ನೋಡಿದೆ. ರೆಫರಿ ಎತ್ತರದ ಕುರ್ಚಿಯ ಮೇಲೆ ನಿಂತು ಹಳದಿ ಕಾರ್ಡನ್ನು ತನ್ನ ಮಣಿಕಟ್ಟಿನ ಮೇಲೆ ಹಿಡಿದು ತೋರಿಸುತ್ತಿದ್ದ. ಆಟಕ್ಕೆ ತಡ ಮಾಡಿದರೆ ಮೊದಲು ಎಚ್ಚರಿಕೆ. ಆಮೇಲೆ ಮಾಡಿದ ಪ್ರತಿ ತಡಕ್ಕೂ ಅದೇ ಜಾಗದಲ್ಲಿ ಕೆಂಪು ಕಾರ್ಡು, ಎದುರಿನವರಿಗೆ ಒಂದು ಅಂಕ, ಸರ್ವ್ ಕೂಡ ಅವರದ್ದೇ.

"ಹಳದಿ ಕೊಟ್ಟ," ಅಂದೆ. "ಬೇಗ ಮುಗಿಸ್ರಿ."

"ಉದ್ದ ಇದೆ ಅಂದೆ," ಅಂದಳು ಅಕ್ಕ. "ಉದ್ದ ಇದೆ. ನೋಡು ಬೇಕಾದ್ರೆ, ಅಲ್ಲೇ ನಿಂತಿದ್ದಾನೆ."

"ಉದ್ದ ಇದ್ರೆ ಇರ್ಲಿ. ನಾನು ಅಷ್ಟು ಹೆದರ್ಕೊಂಡು ಕರ್ಕೊಂಡು ಬಂದಿದ್ದೆ. ನಿನಗೆ ಹೇಳಕ್ಕೆ ಅದೊಂದೇ ಸಿಕ್ತಾ?"

ಕೆಂಪು ಕಾರ್ಡು. ಸೊನ್ನೆ-ಒಂದು.

"ನನಗೆ ಯಾವಾಗ ಹೇಳಿದೆ ನೀನು?" ಅಂದಳು ಅಕ್ಕ. "ಹೊಲಿಗೆಗೆ ಮೊದಲೇ ಗೊತ್ತಿತ್ತು. ಡ್ರೈವರಮ್ಮಂಗೆ ಗೊತ್ತಿತ್ತು. ಈ ಉಗ್ರಾಣದವಳಿಗೂ ಗೊತ್ತಿತ್ತು."

"ನನಗೆ ಯಾರೂ ಹೇಳಿರ್ಲಿಲ್ಲ, ನಾನೇ ಊಹೆ ಮಾಡಿದ್ದು," ಅಂತ ಉಗ್ರಾಣದವಳು ಸ್ಪಷ್ಟೀಕರಣ ಕೊಟ್ಟಳು. ಅಷ್ಟರಲ್ಲಿ ಸೊನ್ನೆ-ಎರಡು.

"ನಿನ್ನ ಜಡೆ ಹಾಕಿದ ಕೈ ಇದು," ಅಂದಳು ಅಕ್ಕ. "ಊರಿಗೆಲ್ಲ ಹೇಳಿ ಕೊನೆಗೆ ನನಗೆ ಹೇಳಿದೆ. ನನಗೆ ಹೊಟ್ಟೇಲಿ ಬೆಂಕಿ ಬಿದ್ದಿತ್ತು. ಬೈಯಕ್ಕೆ ಮನಸ್ಸು ಬರ್ಲಿಲ್ಲ, ಬಾಯಿಗೆ ಕುತ್ತಿಗೆ ಬಂತು."

ಅಕ್ಕನ ಕೈ ಎಲ್ಲಕ್ಕಿಂತ ಕೆಳಗಿತ್ತು. ಅವಳು ಅದನ್ನು ಮಗುಚಿ ಮೇಲಿದ್ದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಂಟು ತಿಂಗಳಲ್ಲಿ ಅವಳನ್ನು ಕಲ್ಲು ಅಂತ ಅದೆಷ್ಟು ಸಲ ಬೈದುಕೊಂಡಿದ್ದೆನೋ. ಆಗ ನನಗೆ ಸಂಕಟವಾಯಿತು.

ಸೊನ್ನೆ-ಮೂರು. ಅಂಗಳದ ಆ ಕಡೆ ಬ್ರೆಡ್ಡಿನವರು ತಮ್ಮ ಜಾಗ ಬಿಟ್ಟು ಮೆಲ್ಲಗೆ ಬಲೆಯ ಹತ್ತಿರ ಬಂದು ಕಿವಿ ಕೊಟ್ಟಿದ್ದರು. ಅವರ ಕೋಚ್, "ಗಡಿಬಿಡಿ ಮಾಡ್ಬೇಡಿ, ಸಾವಕಾಶ ಮಾತಾಡಿ," ಅಂತ ನಮಗೆ ಧೈರ್ಯ ಹೇಳುತ್ತಿದ್ದ. ಒಂದೊಂದು ಮಾತಿಗೆ ಒಂದೊಂದು ಅಂಕ ಬರುತ್ತಿದ್ದರೆ ಯಾರು ತಾನೇ ಬೇಡ ಅನ್ನುತ್ತಾರೆ?

"ನಿನಗೆ ಹೇಳಕ್ಕೇ ನನಗೆ ಹೆದರಿಕೆ ಇದ್ದದ್ದು," ಅಂದಳು ಪುಟ್ಟಿ. "ಉಳಿದವರು ಏನಂದ್ರೆ ನನಗೇನು? ನೀನು ಬೇಡ ಅಂದಿದ್ರೆ ನಾನು ಏನ್ಮಾಡ್ಬೇಕಿತ್ತು?"

"ಅದು ತಪ್ಪೇನಲ್ಲ ರೀ," ಅಂದಳು ಬಲೆಯ ಆಚೆಯಿಂದ ಬ್ರೆಡ್ ನಾಯಕಿ. "ಹತ್ತಿರದವರಿಗೆ ಹೇಳೋದೇ ಕಷ್ಟ."

"ನೀವು ಸುಮ್ನಿರಿ, ಇದು ಗಂಟಿನ ಒಳಗಿನ ಮಾತು," ಅಂದೆ ನಾನು. ಸೊನ್ನೆ-ನಾಲ್ಕು.

ಅತ್ತಿಗೆ ಒಮ್ಮೆ ಸೀನಿದಳು. ಆ ಸೀನಿಗೂ ಒಂದು ಅಂಕ ಹೋಯಿತು. ಆಮೇಲೆ ಪುಟ್ಟಿ, ಕತ್ತು ಬಗ್ಗಿಸಿಕೊಂಡೇ, "ಸೋಮವಾರ ಬರ್ತೀಯಾ?" ಅಂದಳು.

"ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ."

"ಸೋಮವಾರ ನನಗೆ ಬೆಳಗಿನ ಪಾಳಿ."

ಗಂಟೇ ಒಮ್ಮೆ ಕುಸಿದಂತಾಯಿತು. "ಪಾಳಿ ಬದಲಾಯಿಸ್ಕೋ ಮಾರಾಯ್ತಿ," ಅಂತ ಕಿರುಚಿದೆ. "ನಾನು ನಿಲ್ತೀನಿ ಇಸ್ತ್ರಿ ಯಂತ್ರದ ಹತ್ರ."

"ನಿನಗೆ ಅದನ್ನ ನಡೆಸಕ್ಕೆ ಬರಲ್ಲ."

"ನಾನು ಮದುವೆಗೆ ಹೋಗ್ತಿದ್ದೀನಲ್ಲ, ಇಲ್ದಿದ್ರೆ ನಾನೇ ನಿಲ್ತಿದ್ದೆ," ಅಂದಳು ನಾದಿನಿ. ಆಗ ಗೊತ್ತಾಯಿತು, ತಂಡದ ಎಲ್ಲರೂ ಮದುವೆಗೆ ಅಂತ ರಜೆ ಹಾಕಿದ್ದರು. ಅಕ್ಕನೊಬ್ಬಳೇ ಲಾಂಡ್ರಿಯಲ್ಲಿ ಉಳಿಯುವವಳಿದ್ದಳು. ಅದು ಗೊತ್ತಿದ್ದೇ ಅವಳು ಎಲ್ಲರ ರಜೆಗೂ ಸಹಿ ಹಾಕಿದ್ದಳು.

"ಎಲ್ಲರಿಗೂ ರಜ ಕೊಟ್ಟೆ," ಅಂದಳು ಅಕ್ಕ. "ನಾನೂ ಕೇಳೋಣ ಅಂದ್ಕೊಂಡೆ, ಕರೆದಿಲ್ವಲ್ಲ ಅಂತ ಸುಮ್ನಾದೆ."

"ಕರೀತಿದ್ದೀನಲ್ಲ ಈಗ," ಅಂದಳು ಪುಟ್ಟಿ. ಅವಳ ಮೂಗಿನ ನೀರು ನನ್ನ ಕೈ ಮೇಲೆ ಬಿತ್ತು.

"ಬರ್ತೀನಿ. ಒಂದು ದಿನ ಚಾದರ ಮುದುರಿದ್ರೆ ರೋಗಿಗಳೇನು ಸಾಯಲ್ಲ."

ಇಲ್ಲಿಗೆ ಮುಗಿಯಬೇಕಿತ್ತು. ಅಕ್ಕ ಮತ್ತೆ, "ಜೇಬು?" ಅಂದಳು. ಪುಟ್ಟಿ, "ಖಾಲಿ," ಅಂದಳು. ಆದರೆ ಡ್ರೈವರಮ್ಮ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ನಂದೂ ಖಾಲಿ ಇಲ್ಲ," ಅಂದಳು. ವ್ಯಾನಿನ ಹಿಂದಿನ ಬಾಗಿಲನ್ನು ಯಾರೋ ದಿನಾ ಕಾಲಲ್ಲಿ ಒದ್ದು ಹಾಕುತ್ತಾರಂತೆ, ಎರಡು ವರ್ಷದಿಂದ ನುಂಗಿಕೊಂಡಿದ್ದಳಂತೆ. ಒದೆಯುವವಳು ಅತ್ತಿಗೆ. ಅತ್ತಿಗೆ ಒಪ್ಪಿಕೊಂಡು, ಹಾಗೆಯೇ ತನ್ನದೂ ಒಂದಿದೆ ಅಂದಳು. ನಾದಿನಿ ಚಾದರ ಮಡಿಸುವಾಗ ತನ್ನ ಕಡೆಯ ಅಂಚನ್ನು ಬೇಕಂತಲೇ ಜಗ್ಗುತ್ತಾಳೆ. ನಾದಿನಿ ಬೇಕಂತಲೇ ಅಲ್ಲ ಅಂದಳು, ಆಮೇಲೆ ಹೌದು ಅಂದಳು. ಉಗ್ರಾಣದವಳು ತನಗೆ ಯಾರ ಮೇಲೂ ಏನೂ ಇಲ್ಲ, ಅದೇ ತನಗೆ ಬೇಜಾರು ಅಂತ ಅತ್ತಳು. ಹೊರಗೆ ಕೆಂಪು ಕಾರ್ಡು ಏಳುತ್ತಿತ್ತು, ಇಳಿಯುತ್ತಿತ್ತು. ಸೋಮವಾರ ಮದುವೆಯಾಗುವ ಗಂಡು ತನ್ನ ಹುಡುಗಿಯ ತಂಡಕ್ಕೆ ಕಣ್ಣು ತುಂಬಿಕೊಂಡು ದಂಡ ಹಾಕುತ್ತಿದ್ದ. ಒಂದು ಸಲ ಮಾತ್ರ ಕಾರ್ಡು ಹಿಡಿದ ಕೈಯಲ್ಲೇ ಮೂಗು ಒರೆಸಿಕೊಂಡ, ಅಂಕ ಕೊಡುವುದನ್ನು ಮರೆಯಲಿಲ್ಲ.

"ಒಂದು ಅಂಕಾನೂ ಬಿಡಲ್ಲ ನಿನ್ನ ಹುಡುಗ," ಅಂದಳು ಅಕ್ಕ.

"ಬಿಡಲ್ಲ," ಅಂದಳು ಪುಟ್ಟಿ.

"ಒಳ್ಳೇದು. ಹಾಗೇ ಇರ್ಬೇಕು."

ಸೊನ್ನೆ-ಹನ್ನೊಂದಕ್ಕೆ ನನ್ನ ಸಹನೆ ಹರಿಯಿತು. "ನನ್ನ ಜೇಬಲ್ಲಿ ಒಂದೇ ಇದೆ," ಅಂದೆ. "ನನಗೆ ಗೆಲ್ಬೇಕು. ನಿಮ್ಮ ಮನಸ್ಸು ನಾಳೆ ತೊಳ್ಕೊಳ್ಳಿ." ಎಲ್ಲರೂ ಖಾಲಿ ಅಂದರು. ಒಗಿ, ಹಿಂಡು, ಒಣಗಿಸು, ಮಡಿಸು. ಕಳಿಸು ಅಂತ ಕೂಗಿದಾಗ ಬಲೆಯ ಆಚೆಯ ಬ್ರೆಡ್ಡಿನವರೂ ಕೂಗಿದರು, ಯಾಕೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ.

ಆಟದ ಬಗ್ಗೆ ಏನು ಹೇಳಲಿ. ಅಷ್ಟು ಚೆನ್ನಾಗಿ ನಾವು ಯಾವತ್ತೂ ಆಡಿರಲಿಲ್ಲ. ಹನ್ನೊಂದು ಅಂಕ ಹಿಂದಿದ್ದು ಮೊದಲ ಸುತ್ತು ಕೂದಲೆಳೆಯಲ್ಲಿ ಸೋತೆವು, ಎರಡನೆಯದು ಗೆದ್ದೆವು. ಮೂರನೆಯದರ ಕೊನೆಯಲ್ಲಿ ಅಕ್ಕ ಬೆನ್ನ ಹಿಂದೆ ಎರಡು ಬೆರಳು ತೋರಿಸಿ ಎತ್ತಿಕೊಟ್ಟಳು, ಪುಟ್ಟಿ ಹಾರಿ ಹೊಡೆದಳು, ಚೆಂಡು ಗೆರೆಯ ಆಚೆ ಬಿತ್ತು. ಗೆರೆಯ ಆಚೆ ಅಂತ ಕೈ ತೋರಿಸಿದವನು ಅವನೇ. ಸೋತೆವು. ನನಗೆ ಅಳು ಬಂತು, ಅತ್ತೆ. ಅದರಲ್ಲಿ ಮುಚ್ಚುಮರೆ ಏನಿದೆ?

ಬಲೆಯ ಹತ್ತಿರ ಮತ್ತೆ ಕೈ ಕುಲುಕಿದೆವು. ಈ ಸಲ ಅಕ್ಕ ರೆಫರಿಯ ಮುಖ ನೋಡಿ ಕೈ ಕೊಟ್ಟಳು.

ಆದರೆ ನನಗೆ ಇನ್ನೂ ಸಮಾಧಾನ ಇರಲಿಲ್ಲ. ಗಂಟಿನೊಳಗೆ ಎಲ್ಲರೂ ಮಾತಾಡುತ್ತಾರೆ, ಅದು ನಿಯಮ. ಗಂಟು ಬಿಚ್ಚಿದ ಮೇಲೆ? ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತು ಶೂ ಬಿಚ್ಚಿದರು. ಮಾತಿಲ್ಲ. ನಾವು ಐದು ಜನ ಅವರನ್ನೇ ನೋಡುತ್ತಾ ಬ್ಯಾಗು ತುಂಬಿದೆವು. ನೀರಿನ ಬಾಟಲಿ ಕೊಡುವಾಗಲೂ ಮಾತಿಲ್ಲ. ಮೆಟ್ಟಿಲು ಇಳಿದು ರಸ್ತೆಗೆ ಬಂದರೂ ಮಾತಿಲ್ಲ. ಮತ್ತೆ ಸುತ್ತ ನಿಂತು ಕೈ ಕೈ ಸೇರಿಸಬೇಕೇನೋ ಅಂತ ಡ್ರೈವರಮ್ಮ ನನ್ನ ಮುಖ ನೋಡಿದಳು.

ಔಷಧಿ ಅಂಗಡಿ ದಾಟುವಾಗ ಅಕ್ಕ ತನ್ನಷ್ಟಕ್ಕೆ ಅನ್ನುವ ಹಾಗೆ, "ಆ ಕೊನೆ ಚೆಂಡು ಹೊರಗೆ ಹೊಡೆದೆ ನೀನು," ಅಂದಳು.

ಪುಟ್ಟಿ ನಿಂತಳು. "ನಾನಾ? ನೀನು ಎತ್ತಿದ್ದೇ ಕುಳ್ಳಗೆ."

"ಕುಳ್ಳಗಾ? ಕಣ್ಣು ಎಲ್ಲಿತ್ತು ನಿಂದು? ಕುರ್ಚಿ ಮೇಲೆ ಇತ್ತಾ?"

"ಕುರ್ಚಿ ಸುದ್ದಿ ಎತ್ಬೇಡ. ಎರಡು ಬೆರಳು ತೋರಿಸಿ ಒಂದು ಬೆರಳಿನ ಚೆಂಡು ಕೊಟ್ಟೆ."

"ಚಿಕ್ಕ ಹುಡುಗಿ ಇದ್ದಾಗಿಂದ ಹೇಳ್ತಿದ್ದೀನಿ, ಬೇಗ ಹಾರ್ಬೇಡ ಅಂತ. ಕೇಳೋ ಜಾತಿಯಾ ನೀನು?"

ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಇಬ್ಬರ ದನಿಯೂ ಏರುತ್ತಿತ್ತು; ಕೈ ಬೀಸಿ ಬೀಸಿ, ಒಬ್ಬರ ಮಾತು ಇನ್ನೊಬ್ಬರು ಮುಗಿಸಲು ಬಿಡದೆ ಜಗಳವಾಡುತ್ತಾ ನಡೆದರು. ಡ್ರೈವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಮನೆಗೆ ತಿರುಗುವ ದಾರಿ ಬಂತು. ನಾನು ನಿಂತೆ. ಪುಟ್ಟಿ ನಿಲ್ಲಲಿಲ್ಲ. ಬೈಯುವ ಭರದಲ್ಲಿ ತಿರುವು ದಾಟಿದ್ದೇ ಅವಳಿಗೆ ಗೊತ್ತಾಗಲಿಲ್ಲ, ಅಕ್ಕನ ಪಕ್ಕದಲ್ಲೇ ಅವರ ಮನೆಯ ಕಡೆ ನೇರ ಹೋದಳು.

ನಾನು ಕರೆಯಲಿಲ್ಲ.